ನಡುವಿನ ನಾಲ್ಕು ಗಂಟೆ ರಸ್ತೆಗೆ

ಕೇಳುಗರಿಗೆಲ್ಲಾ ನಮಸ್ಕಾರ. ಇವತ್ತು ನಾನು ಮಾತಾಡೋಕೆ ಬಂದಿರೋದು ಮುಖ್ಯವಾಗಿ ಪಿಎಚ್‌ಸಿ ಲೇಬರ್ ರೂಮಲ್ಲಿ ನೈಟ್ ಡ್ಯೂಟಿ ಮಾಡೋ ಸಿಸ್ಟರ್‌ಗಳ ಜೊತೆ, ಹಾಗಂತ ಮನೇಲಿ ತುಂಬು ಬಸುರಿ ಇರೋರು ರೇಡಿಯೋ ಆಫ್ ಮಾಡ್ಬೇಡಿ, ನಡುರಾತ್ರಿ ಸಿಸ್ಟರ್ ಬಂದು ದೊಡ್ಡಾಸ್ಪತ್ರೆಗೆ ಹೊರಡಿ ಅಂದಾಗ ಯಾಕೆ ಅಂತ ನಿಮಗೂ ಗೊತ್ತಿರಲಿ.

ಪಾರ್ಟೋಗ್ರಾಫ್ ಅಂದ್ರೆ ಹೆರಿಗೆ ಹೇಗೆ ಸಾಗ್ತಿದೆ ಅಂತ ಗುರುತು ಹಾಕ್ತಾ ಹೋಗೋ ಒಂದೇ ಒಂದು ಹಾಳೆ. ಮೇಲ್ಗಡೆ ಮಗುವಿನ ಎದೆಬಡಿತ, ಅದರ ಕೆಳಗೆ ನೀರು ಹೋಗಿದ್ಯಾ ಇಲ್ವಾ, ಮಧ್ಯದಲ್ಲಿ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅನ್ನೋ ಗ್ರಾಫು, ಕೆಳಗಡೆ ನೋವು, ಕೊಟ್ಟ ಔಷಧಿ, ತಾಯಿಯ ಪಲ್ಸ್, ಬಿಪಿ, ಜ್ವರ. ಮಧ್ಯದ ಗ್ರಾಫಲ್ಲಿ ಎರಡು ಓರೆ ಗೆರೆ ಅಚ್ಚಾಗೇ ಬಂದಿರುತ್ತೆ. ಎಡಗಡೆದು ಅಲರ್ಟ್ ಲೈನ್, 4 ಸೆಂಟಿಮೀಟರಿಂದ ಶುರುವಾಗಿ ಗಂಟೆಗೊಂದು ಸೆಂಟಿಮೀಟರ್ ಏರ್ತಾ 6 ಗಂಟೇಲಿ 10ಕ್ಕೆ ಹೋಗಿ ಮುಟ್ಟುತ್ತೆ. ಬಲಗಡೆದು ಆಕ್ಷನ್ ಲೈನ್, ಅದೇ ಓರೆ, ಆದ್ರೆ ಸರಿಯಾಗಿ 4 ಗಂಟೆ ಆಚೆಗೆ.

ನಮ್ಮೋರು ತುಂಬಾ ಜನ ಎಡವೋದು ಇಲ್ಲೇ. ಹೆಸರೇ ಆಕ್ಷನ್ ಅಲ್ವಾ, ಹಾಗಾದ್ರೆ ಅಲ್ಲಿವರೆಗೂ ಏನೂ ಮಾಡೋದು ಬೇಡ, ಆ ಗೆರೆ ಮುಟ್ಟಿದ ಮೇಲೆ 108ಕ್ಕೆ ಫೋನ್ ಮಾಡಿದ್ರಾಯ್ತು ಅಂದ್ಕೊಂಡು ಕೂತ್ಕೊಂಡಿರ್ತಾರೆ. ನಾನೂ ಮೊದಮೊದಲು ಹಾಗೇ ಅಂದ್ಕೊಂಡಿದ್ದೆ. ಈ ಎರಡು ಗೆರೆ ಹಾಕಿದ್ದು ಫಿಲ್‌ಪಾಟ್ ಮತ್ತೆ ಕ್ಯಾಸಲ್ ಅನ್ನೋರು, 1972ರಲ್ಲಿ ಬರೆದು ಪ್ರಕಟಿಸಿದ್ರು, ಆಗಿನ ರೊಡೇಷಿಯಾ, ಈಗಿನ ಜಿಂಬಾಬ್ವೆ. ಅವರ ಕಣ್ಣೆದುರಿಗೆ ಇದ್ದಿದ್ದು ನಮ್ಮಂಥದ್ದೇ ಸೀನು, ದೂರದ ಸಣ್ಣ ಕೇಂದ್ರ, ಅಲ್ಲೊಬ್ಬ ಮಿಡ್‌ವೈಫ್, ಆಪರೇಷನ್ ಆಗೋದು ಮಾತ್ರ ದೊಡ್ಡಾಸ್ಪತ್ರೇಲಿ. ನಡುವೆ 4 ಗಂಟೆ ಬಿಟ್ಟಿದ್ದು ನಾವು ಕಾಯೋದಕ್ಕಲ್ಲ, ಆ ಹೆಂಗಸನ್ನ ಅಲ್ಲಿಗೆ ಸಾಗಿಸೋದಕ್ಕೆ. ಅಂದ್ರೆ ಸಣ್ಣ ಕೇಂದ್ರದವರ ಗೆರೆ ಅಲರ್ಟ್ ಲೈನು, ಆಕ್ಷನ್ ಲೈನ್ ಆಪರೇಷನ್ ಥಿಯೇಟರ್ ಇರೋರ ಗೆರೆ. ಭಾರತ ಸರ್ಕಾರದ ಹೆರಿಗೆ ಟ್ರೈನಿಂಗ್ ಮಾರ್ಗಸೂಚೀಲೂ ಇದನ್ನೇ ಹೇಳಿರೋದು, ಅಲರ್ಟ್ ಲೈನಿನ ಬಲಕ್ಕೆ ಹೋದ್ರೆ ರೆಫರ್ ಮಾಡಿ, ಆಕ್ಷನ್ ಲೈನ್ ಬರೋ ಹೊತ್ತಿಗೆ ತಾಯಿ ಎಫ್‌ಆರ್‌ಯು, ಅಂದ್ರೆ ಸಿಸೇರಿಯನ್ ಮಾಡೋ ದೊಡ್ಡಾಸ್ಪತ್ರೆ ಒಳಗೆ ಇರಬೇಕು ಅಂತ.

ಒಂದು ರಾತ್ರಿದು ಹೇಳ್ತೀನಿ, ಪೆನ್ ಪೇಪರ್ ಇದ್ರೆ ನನ್ನ ಜೊತೆ ನೀವೂ ಹಾಕ್ತಾ ಬನ್ನಿ. ಮಲೆನಾಡಿನ ಒಂದು ಪಿಎಚ್‌ಸಿ, ಮಳೆಗಾಲ, ಚೊಚ್ಚಲ ಹೆರಿಗೆ. ಹುಡುಗಿ ಅತ್ತೆ ಜೊತೆ ಆಟೋದಲ್ಲಿ ಬಂದ್ಲು, ಮಧ್ಯಾಹ್ನದಿಂದ ನೋವು ಅಂದ್ರು. ರಾತ್ರಿ 8 ಗಂಟೆಗೆ ಪಿವಿ, ಅಂದ್ರೆ ಒಳಪರೀಕ್ಷೆ ಮಾಡಿದೆ, ಬಾಯಿ 4 ಸೆಂಟಿಮೀಟರ್, ಹೊಟ್ಟೆ ಮೇಲೆ ಕೈಯಿಟ್ಟು 10 ನಿಮಿಷ ಗಡಿಯಾರ ನೋಡ್ಕೊಂಡು ಕೂತೆ, 3 ಸಲ ನೋವು ಬಂತು, ಒಂದೊಂದೂ ಅರ್ಧ ನಿಮಿಷ. 4 ಆಗಿದ್ದಕ್ಕೇ ಹಾಳೆ ತೆಗೆದಿದ್ದು. 2, 3 ಸೆಂಟಿಮೀಟರಿಗೇ ಶುರು ಮಾಡಿಬಿಟ್ರೆ ಆ ಹಂತ ಎಷ್ಟು ಹೊತ್ತು ಬೇಕಾದ್ರೂ ಎಳೀಬಹುದು, ಸುಮ್ಮನೆ ಗೆರೆ ದಾಟಿದ ಹಾಗೆ ಕಾಣುತ್ತೆ, ಸುಮ್ಮನೆ ರೆಫರಲ್ ಆಗುತ್ತೆ. ಮೊದಲನೇ ಇಂಟು ಮಾರ್ಕು ಅಲರ್ಟ್ ಲೈನ್ ಮೇಲೇ ಬೀಳಬೇಕು, ಅದರ ಕೆಳಗೆ ಗಡಿಯಾರದ ಟೈಮ್, 8 ಗಂಟೆ ಅಂತಾನೇ. ಮಗು ಎದೆಬಡಿತ 140, ನೀರಿನ ಚೀಲ ಒಡೆದಿಲ್ಲ ಹಾಗಾಗಿ ಐ ಅಂತ ಬರೆದೆ, ಬಿಪಿ 110/70.

ಆಮೇಲೆ ಅರ್ಧ ಗಂಟೆಗೊಂದ್ಸಲ ಎದೆಬಡಿತ, ನೋವು, ತಾಯಿ ಪಲ್ಸ್. ಎದೆಬಡಿತವನ್ನ ನೋವು ಬಿಟ್ಟ ತಕ್ಷಣ ಪೂರ್ತಿ ಒಂದು ನಿಮಿಷ ಕೇಳ್ಬೇಕು, 15 ಸೆಕೆಂಡ್ ಕೇಳಿ 4ರಿಂದ ಗುಣಿಸೋದಲ್ಲ, ಯಾಕಂದ್ರೆ ಸುಸ್ತಾಗಿರೋ ಮಗುವಿನ ಬಡಿತ ಇಳಿಯೋದು ನೋವು ಬಿಟ್ಟ ಆ ಹೊತ್ತಲ್ಲೇ ಗೊತ್ತಾಗೋದು. 11 ಗಂಟೆ ಹೊತ್ತಿಗೆ ನೀರು ಹೋಯ್ತು, ತಿಳಿಯಾಗೇ ಇತ್ತು, ಸಿ ಅಂತ ಹಾಕಿದೆ. ಅದೇ ಹಸಿರು ಬಣ್ಣಕ್ಕೆ ಬಂದಿದ್ರೆ, ಅಂದ್ರೆ ಮಗು ಒಳಗೇ ಮಲ ಮಾಡ್ಕೊಂಡಿದ್ರೆ ಎಂ, ರಕ್ತ ಬೆರೆತಿದ್ರೆ ಬಿ.

ಪಿವಿ 4 ಗಂಟೆಗೊಂದ್ಸಲ. ರಾತ್ರಿ 12ಕ್ಕೆ ನೋಡಿದೆ, 6 ಸೆಂಟಿಮೀಟರ್. ಈಗ ಹಾಳೆ ನೋಡಿ. 8 ಗಂಟೆಗೆ 4 ಇದ್ದಿದ್ದು ಅಲರ್ಟ್ ಲೈನ್ ಪ್ರಕಾರ 12ಕ್ಕೆ 8 ಆಗಿರಬೇಕಿತ್ತು, 6 ಆಗಬೇಕಿದ್ದಿದ್ದು 10 ಗಂಟೆಗೆ. ಅಂದ್ರೆ ನನ್ನ ಮಾರ್ಕು ಗೆರೆಯಿಂದ 2 ಗಂಟೆ ಬಲಕ್ಕೆ ಬಿತ್ತು. ಅದೇ 6ರ ಅಡ್ಡಗೆರೆ ಮೇಲೆ ಇನ್ನೂ ಬಲಕ್ಕೆ ಬೆರಳು ಓಡಿಸಿದ್ರೆ ಆಕ್ಷನ್ ಲೈನ್ ಸಿಗೋದು ಬೆಳಗಿನ ಜಾವ 2 ಗಂಟೆಗೆ. ಎದೆಬಡಿತ 146, ತಾಯಿ ಚೆನ್ನಾಗೇ ಇದ್ದಾಳೆ, ನೋವು ಮಾತ್ರ ಜಾಸ್ತಿ ಆಗಿಲ್ಲ, 8 ಗಂಟೇಲಿ ಹೇಗಿತ್ತೋ ಹಾಗೇ. ನಾವು ಬಳಸ್ತಿದ್ದ ಹಾಳೇಲಿ ತಲೆ ಎಷ್ಟು ಇಳಿದಿದೆ ಅಂತ ಬರೆಯೋಕೆ ಬೇರೆ ಜಾಗ ಇರಲಿಲ್ಲ, ಆದ್ರೂ ಹೊಟ್ಟೆ ಮುಟ್ಟಿ ನೋಡಿ ಪಕ್ಕದ ಖಾಲೀಲಿ ಬರೆದೆ, ತಲೆ ಇನ್ನೂ ಮುಕ್ಕಾಲು ಪಾಲು ಮೇಲೇ ಇತ್ತು.

ಈಗ ಲೆಕ್ಕ ಹಾಕಿ. 108 ನಮ್ಮೂರಿಗೆ ಬರೋಕೆ 40 ನಿಮಿಷ, ತಾಲ್ಲೂಕಾಸ್ಪತ್ರೆಗೆ ಘಾಟಿ ಇಳಿದು 1 ಗಂಟೆ 20 ನಿಮಿಷ. ಸರಿಯಾಗಿ 2 ಗಂಟೆ. ಆ ಕ್ಷಣಕ್ಕೇ ಫೋನ್ ಮಾಡಿದ್ರೆ ಅವಳು ಹಾಸಿಗೆ ಮೇಲೆ ಮಲಗೋ ಹೊತ್ತಿಗೆ ಸರಿಯಾಗಿ 2 ಗಂಟೆ. ಇನ್ನೊಂದು ಪಿವಿ ನೋಡಿಬಿಡೋಣ ಅಂತ 4 ಗಂಟೆವರೆಗೆ ಕೂತು, ಆಗ 7 ಸೆಂಟಿಮೀಟರ್ ಇದ್ರೆ? 7ಕ್ಕೆ ಆಕ್ಷನ್ ಲೈನ್ ಬರೋದು 3 ಗಂಟೆಗೆ, ಆಗಲೇ ಒಂದು ಗಂಟೆ ದಾಟಿ ಹೋಗಿರುತ್ತೆ, ಆಮೇಲೆ ಗಾಡಿ ಬಂದು ಘಾಟಿ ಇಳಿದು ಅಲ್ಲಿ ಮುಟ್ಟೋದು 6 ಗಂಟೆಗೆ. ಹಾಗಾಗಿ ನಿಮ್ಮ ಕೇಂದ್ರದಿಂದ ಎಷ್ಟು ಹೊತ್ತಿನ ದಾರಿ ಅನ್ನೋದು ಗೊತ್ತಿಲ್ದೆ ಈ ಗೆರೆಗಳನ್ನ ಓದೋಕಾಗಲ್ಲ, ನಾನಂತೂ ಲೇಬರ್ ರೂಮ್ ಗೋಡೇಲಿ ಬರೆದು ಅಂಟಿಸಿದ್ದೆ, ಬೇಸಿಗೇಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು ಅಂತ.

ಅತ್ತೆ ಶುರು ಮಾಡಿದ್ರು, "ಚೊಚ್ಚಲು ಅಲ್ವಾ ಸಿಸ್ಟರೇ, ಹೀಗೇ ಆಗೋದು, ಒಂದು ನೋವು ಬರೋ ಇಂಜೆಕ್ಷನ್ ಕೊಟ್ಬಿಡಿ." ಅವರಿಗೆ ಬೈಯೋ ಹಾಗಿಲ್ಲ, ಹಿಂದೆ ಹಾಗೆ ಕೊಟ್ಟೋರು ಇದ್ರಲ್ಲ. ಹೆರಿಗೆಗೆ ಮುಂಚೆ ಆಕ್ಸಿಟೋಸಿನ್ ಪಿಎಚ್‌ಸೀಲಿ ಯಾಕೆ ಕೊಡಬಾರದು ಅಂದ್ರೆ, ದಾರಿ ಸಣ್ಣದಾಗಿ ಅಥವಾ ತಲೆ ಓರೆಯಾಗಿ ಸಿಕ್ಕಾಕ್ಕೊಂಡಿದ್ರೆ ಇಂಜೆಕ್ಷನ್ ಆ ಸಿಕ್ಕನ್ನ ಬಿಡಿಸಲ್ಲ, ಗರ್ಭಕೋಶವನ್ನ ಇನ್ನೂ ಜೋರಾಗಿ ಹಿಂಡುತ್ತೆ, ಮಗುವಿಗೆ ಆಕ್ಸಿಜನ್ ಕಮ್ಮಿ ಆಗುತ್ತೆ, ಗರ್ಭಕೋಶ ಒಡೆದೂ ಹೋಗಬಹುದು, ಅದರಲ್ಲೂ ಎರಡು ಮೂರು ಹೆತ್ತೋರಿಗೆ. ಒಡೆದ್ರೆ ನಮ್ಮ ಹತ್ರ ಥಿಯೇಟರೂ ಇಲ್ಲ ರಕ್ತಾನೂ ಇಲ್ಲ. ಮಗು ಹುಟ್ಟಿದ ಮೇಲೆ ರಕ್ತಸ್ರಾವ ತಡೆಯೋಕೆ ಕೊಡೋ 10 ಯೂನಿಟ್ ಬೇರೆ ವಿಷಯ, ಅದನ್ನ ಕೊಡಲೇಬೇಕು.

12 ಗಂಟೆ 10 ನಿಮಿಷಕ್ಕೆ 108. ಅದಾದ ತಕ್ಷಣ ತಾಲ್ಲೂಕಾಸ್ಪತ್ರೆ ಲೇಬರ್ ರೂಮಿಗೆ ಫೋನ್, ಮೂರೇ ಪ್ರಶ್ನೆ: ಡಾಕ್ಟ್ರು ಇದ್ದಾರಾ, ಅರಿವಳಿಕೆ ಡಾಕ್ಟ್ರು ಇದ್ದಾರಾ, ರಕ್ತ ಸಿಗುತ್ತಾ. ಮಧ್ಯದ ಪ್ರಶ್ನೆ ಬಿಟ್ಟು ಒಂದ್ಸಲ ಕೆಟ್ಟಿದ್ದೀನಿ, ಅಲ್ಲಿ ಹೋದ್ಮೇಲೆ ರಾತ್ರಿ ಅರಿವಳಿಕೆಯವರಿಲ್ಲ ಅಂತ ಜಿಲ್ಲಾಸ್ಪತ್ರೆಗೆ ಮತ್ತೆ ಗಾಡಿ ಹತ್ತಿಸಬೇಕಾಯ್ತು, ಗೆರೆ ಎಲ್ಲೋ ಹೋಯ್ತು. ಗಾಡಿ ಬರೋ ಒಳಗೆ ಮೂತ್ರ ಮಾಡಿಸಿದೆ, ಐವಿ ಲೈನ್ ಹಾಕಿ ಆರ್‌ಎಲ್ ಡ್ರಿಪ್ ಹಚ್ಚಿದೆ, ಎಡ ಮಗ್ಗುಲಿಗೆ ಮಲಗಿಸಿದೆ, ತಾಯಿ ಕಾರ್ಡ್ ಜೊತೆ ಪಾರ್ಟೋಗ್ರಾಫ್ ಹಾಳೇನೇ ಕಳಿಸಿದೆ, ನಾನು ಫೋಟೋ ತೆಗೆದಿಟ್ಕೊಂಡೆ. ರೆಫರಲ್ ಚೀಟೀಲಿ "ಪ್ರೋಗ್ರೆಸ್ ಇಲ್ಲ" ಅಂತ ಒಂದು ಸಾಲು ಗೀಚಿ ಕಳಿಸಿದ್ರೆ ಅಲ್ಲಿಯವರು ಮೊದಲಿಂದ ಶುರು ಮಾಡ್ತಾರೆ, ಹಾಳೆ ಹೋದ್ರೆ ನಿಂತಲ್ಲಿಂದ ಮುಂದುವರಿಸ್ತಾರೆ.

ಮಾರ್ಕು ಅಲರ್ಟ್ ಲೈನಿನ ಎಡಕ್ಕೇ ಇದ್ರೂ ಹೊರಡಿಸಬೇಕಾದ್ದು ಉಂಟು, ಎದೆಬಡಿತ 120ಕ್ಕಿಂತ ಇಳಿದ್ರೆ ಇಲ್ಲಾ 160 ದಾಟಿದ್ರೆ, ನೀರು ಹಸಿರಾಗಿ ಅಥವಾ ರಕ್ತವಾಗಿ ಬಂದ್ರೆ, ಬಿಪಿ 140/90 ಮುಟ್ಟಿದ್ರೆ. ಹಾಗೇ ಗೆರೆ ದಾಟಿದ್ರೂ ಹೊರಡಿಸಬಾರದ್ದೂ ಉಂಟು. ಮೂರನೇ ಹೆರಿಗೆ, ಬಾಯಿ ಪೂರ್ತಿ ತೆರೆದಿದೆ, ತಲೆ ಕಾಣ್ತಿದೆ, ಅವಳನ್ನ ಗಾಡಿ ಹತ್ತಿಸಿದ್ರೆ ಘಾಟಿ ತಿರುವಲ್ಲೇ ಹೆರಿಗೆ. ಇಲ್ಲೇ ಮಾಡಿಸೋದು ವಾಸಿ.

ಇನ್ನೊಂದು, ಇದು ಬೈಗುಳ ಅಂದ್ಕೊಂಡ್ರೂ ಪರವಾಗಿಲ್ಲ. ಹೆರಿಗೆ ಮುಗಿದ ಮೇಲೆ ಚಹಾ ಕುಡೀತಾ ತುಂಬಿದ ಹಾಳೆ ನೋಡಿದ ತಕ್ಷಣ ಗೊತ್ತಾಗುತ್ತೆ. ಎಲ್ಲಾ ಮಾರ್ಕು ಅಲರ್ಟ್ ಲೈನ್ ಮೇಲೆ ಮುತ್ತು ಪೋಣಿಸಿದ ಹಾಗೆ, ಎದೆಬಡಿತ 140, 142, 140, 142, ಒಂದೇ ಪೆನ್ನು ಒಂದೇ ಒತ್ತು. ಒಂದು ಹಾಳೇಲಿ ಮಗು ಹುಟ್ಟಿದ್ದು 4 ಗಂಟೆ 10 ನಿಮಿಷ ಅಂತಿತ್ತು, 4:30ಕ್ಕೆ ಹೊಟ್ಟೆಯೊಳಗಿನ ಎದೆಬಡಿತ 142 ಅಂತ ಬರೆದಿತ್ತು! ಒಬ್ಬರೇ ಸಿಸ್ಟರ್, ಎರಡು ಹೆರಿಗೆ, ಕರೆಂಟಿಲ್ಲ, ಕಷ್ಟ ನನಗೆ ಗೊತ್ತು. ಅಂಥ ರಾತ್ರಿ ತಪ್ಪಿಹೋದ ಮನೆ ಖಾಲಿ ಬಿಡಿ, ಖಾಲಿ ಮನೆ ನೋಡಿ ಅಲ್ಲಿಯ ಡಾಕ್ಟ್ರು ಏನಾದ್ರೂ ಅರ್ಥ ಮಾಡ್ಕೋತಾರೆ, 142 ನೋಡಿ ಮೋಸ ಹೋಗ್ತಾರೆ.

ಗಂಟೆಗೆ ಒಂದು ಸೆಂಟಿಮೀಟರ್ ಅನ್ನೋದು ಎಲ್ಲರಿಗೂ ಒಪ್ಪೋ ಅಳತೆ ಅಲ್ಲ, ಅದೂ ನಿಜ. ಅದಕ್ಕಿಂತ ನಿಧಾನವಾಗಿ ಹೋಗಿ ಸಲೀಸಾಗಿ ಹೆರೋರು ಬೇಕಾದಷ್ಟು ಜನ ಇದ್ದಾರೆ, ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನ ಒಪ್ಕೊಂಡು 2020ರಲ್ಲಿ ಲೇಬರ್ ಕೇರ್ ಗೈಡ್ ಅಂತ ಹೊಸ ಹಾಳೆ ತಂತು, ಅದರಲ್ಲಿ ಶುರು 5 ಸೆಂಟಿಮೀಟರಿಂದ, ಓರೆ ಗೆರೆಗಳೇ ಇಲ್ಲ. ನಿಮ್ಮ ಕೈಗೆ ಅದು ಬಂದಿದ್ರೆ ಅದರ ಲೆಕ್ಕ ಬೇರೆ, ಎರಡನ್ನೂ ಬೆರೆಸ್ಬೇಡಿ. ಗೆರೆ ದಾಟಿದ್ರೆ ಸಿಸೇರಿಯನ್ನೇ ಅಂತಲೂ ಅಲ್ಲ, ಸಿಸೇರಿಯನ್ ಬೇಕಾದ್ರೆ ಸಿಗೋ ಜಾಗದಲ್ಲಿ ಅವಳು ಇರಲಿ ಅಂತ ಅಷ್ಟೇ.

ಆ ಹುಡುಗಿ ಏನಾದ್ಲು ಅಂತ ಕೇಳ್ತೀರಿ. 2 ಗಂಟೆ 5 ನಿಮಿಷಕ್ಕೆ ಮುಟ್ಟಿದ್ಲು, 7 ಸೆಂಟಿಮೀಟರ್ ಆಗಿತ್ತಂತೆ, ಅಲ್ಲಿಯ ಡಾಕ್ಟ್ರು ಪರೀಕ್ಷೆ ಮಾಡಿ, ದಾರಿ ಸರಿಯಿದೆ ನೋವೇ ಸಾಲ್ದು ಅಂತ ಪಕ್ಕದಲ್ಲೇ ಕೂತು ಆಕ್ಸಿಟೋಸಿನ್ ಡ್ರಿಪ್ ಹಚ್ಚಿದ್ರು, ಬೆಳಿಗ್ಗೆ 6:20ಕ್ಕೆ ನಾರ್ಮಲ್ ಆಯ್ತು, ಹೆಣ್ಣುಮಗು. ಒಂದೂವರೆ ತಿಂಗಳು ಬಿಟ್ಟು ಅತ್ತೆ ಇಂಜೆಕ್ಷನ್ನಿಗೆ ಮಗು ಎತ್ಕೊಂಡು ಬಂದ್ರು. "ನಾರ್ಮಲ್ಲೇ ಆಯ್ತಲ್ಲ ಸಿಸ್ಟರೇ, ಆ ಮಳೇಲಿ ಸುಮ್ನೆ ಓಡಿಸಿದ್ರಿ ನಮ್ಮನ್ನ" ಅಂದ್ರು. ಹೂಂ ಅಂದೆ, ಮಗುವಿನ ತೊಡೆ ಒರೆಸಿದೆ. ನಮಸ್ಕಾರ.