ಬಾಂಡು ಕರಗುತ್ತದೋ ಇಲ್ಲವೋ

ಕೇಳುಗರೆ, ನಮಸ್ಕಾರ. ತೋರಣಗಲ್ಲಿನಲ್ಲಿ ಎರಡನೇ ಪಾಳಿ ಮುಗಿಸಿ ಬಂದು ಊಟಕ್ಕೆ ಕುಂತವರು, ಗಿಣಿಗೇರಿಯ ಕಾರ್ಖಾನೆಗಳಲ್ಲಿ ದುಡಿಯೋರು, ಶಕ್ತಿನಗರದಲ್ಲಿ ಮಗನಿಗೆ ಕೆಲಸ ಸಿಕ್ಕಿತೆಂದು ಖುಷಿಯಲ್ಲಿರುವ ತಂದೆತಾಯಿ, ಇವರೆಲ್ಲ ನನ್ನ ಕಣ್ಣ ಮುಂದಿದ್ದಾರೆ. ನಾನು ಬಳ್ಳಾರಿಯಲ್ಲಿ ಕಾರ್ಮಿಕ ಪ್ರಕರಣ ನಡೆಸುವ ವಕೀಲ. ಕಂಪನಿಯವರು ತಮ್ಮ ಖರ್ಚಿನಲ್ಲಿ ಓದಿಸಿ, ಇಷ್ಟು ವರ್ಷ ನಮ್ಮಲ್ಲೇ ಇರಬೇಕು, ಬಿಟ್ಟುಹೋದರೆ ದುಡ್ಡು ವಾಪಸ್ ಕೊಡಬೇಕು ಎಂದು ಬರೆಸಿಕೊಳ್ಳುವ ಬಾಂಡಿನ ಬಗ್ಗೆ ಇವತ್ತು ಮಾತಾಡುತ್ತೇನೆ. ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ಆ ಬಾಂಡಿನ ಮೊತ್ತ ನೀವು ದುಡಿದ ಹಾಗೆ ತಿಂಗಳು ತಿಂಗಳು ಕರಗುತ್ತದೋ, ಇಲ್ಲವೋ?

ಸಂಡೂರು ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ತಂದೆಯ ಜೊತೆ ನನ್ನ ಕಚೇರಿಗೆ ಬಂದ. ಹಳದಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು, ಮೇಲೊಂದು ಛಾಪಾ ಕಾಗದ, ಮಡಿಕೆಗಳಲ್ಲಿ ಹರಿದುಹೋಗುವಷ್ಟು ಸವೆದಿತ್ತು. ಡಿಪ್ಲೊಮಾ ಮಾಡಿ ಕಾರ್ಖಾನೆ ಸೇರಿದ್ದ. ಎರಡು ವರ್ಷ ಆದ ಮೇಲೆ ಕಂಪನಿಯೇ ಅವನನ್ನು ಬಿಇಗೆ ಕಳಿಸಿತು. ಕೆಲಸ ಮಾಡುತ್ತಲೇ ಮೂರು ವರ್ಷದ ಓದು, ಫೀಸು ಒಟ್ಟು 3,60,000 ರೂಪಾಯಿ, ಬಾಂಡು ಮೂರು ವರ್ಷ. ಸಹಿ ಹಾಕುವಾಗ ಆ ಮೂರು ವರ್ಷ ಅವತ್ತಿನಿಂದಲೇ ಶುರು ಅಂದುಕೊಂಡಿದ್ದ. ಕಾಗದದಲ್ಲಿ ಇದ್ದದ್ದು 'ಕೋರ್ಸು ಮುಗಿದ ದಿನದಿಂದ'. ಅಂದರೆ ಸಹಿ ಹಾಕಿದ ದಿನದಿಂದ ಎಣಿಸಿದರೆ ಆರು ವರ್ಷ.

ಕೋರ್ಸು ಮುಗಿದು 20 ತಿಂಗಳಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ರಾಜೀನಾಮೆ ಕೊಟ್ಟ. ಕಂಪನಿ ಕೊಟ್ಟ ಕೊನೆಯ ಲೆಕ್ಕದ ಹಾಳೆಯನ್ನು ತಂದೆ ಮೇಜಿನ ಮೇಲೆ ಇಟ್ಟು, "ಏಳು ವರ್ಷ ದುಡಿದಾನ ಸಾರ್, ಈಗ ನಾವೇ ದುಡ್ಡು ಕೊಡಬೇಕಂತ" ಅಂದರು. ಹಾಳೆ ನೋಡಿದೆ. ಹುಡುಗನಿಗೆ ಬರಬೇಕಾದದ್ದು ಕೊನೆಯ ತಿಂಗಳ ಸಂಬಳ 42,000, ರಜೆ ಹಣ 28,000, ಗ್ರಾಚ್ಯುಟಿ 1,05,000. ಎಲ್ಲ ಕೂಡಿದರೆ 1,75,000. ಕೆಳಗೆ ಒಂದೇ ಸಾಲಿನಲ್ಲಿ ಬಾಂಡಿನ ವಸೂಲಿ 3,60,000. ಇವನೇ ಇನ್ನೂ 1,85,000 ಕಟ್ಟಬೇಕು!

"ತಮ್ಮಾ, 20 ತಿಂಗಳು ದುಡಿದೀಯಲ್ಲ, ಅದರ ಲೆಕ್ಕ ಎಲ್ಲಿ?" ಅಂದೆ. ಹುಡುಗ ಸುಮ್ಮನಾದ. ಬಾಂಡಿನಲ್ಲಿ ಆ ಮಾತೇ ಇರಲಿಲ್ಲ. '36 ತಿಂಗಳು ತುಂಬುವ ಮೊದಲು ಬಿಟ್ಟರೆ ಪೂರ್ತಿ ಖರ್ಚು' ಎಂದಷ್ಟೇ ಇತ್ತು. ಅಂಥ ಬಾಂಡಿನಲ್ಲಿ ಒಂದು ತಿಂಗಳಿಗೆ ಬಿಟ್ಟವನೂ ಅಷ್ಟೇ ಕೊಡಬೇಕು, 35ನೇ ತಿಂಗಳಿಗೆ ಬಿಟ್ಟವನೂ ಅಷ್ಟೇ ಕೊಡಬೇಕು. ಇದು ಕರಗದ ಬಾಂಡು.

ಕರಗುವ ಬಾಂಡಾದರೆ ಲೆಕ್ಕ ಸುಲಭ. 3,60,000ವನ್ನು 36ರಿಂದ ಭಾಗಿಸಿ, ತಿಂಗಳಿಗೆ 10,000. 20 ತಿಂಗಳಿಗೆ ಎರಡು ಲಕ್ಷ ತೀರಿತು, ಉಳಿದದ್ದು 1,60,000. ನಾನು ಕಂಪನಿಗೆ ಪತ್ರ ಬರೆದು ಇದನ್ನೇ ಕೇಳಿದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾಗಿ ಎಷ್ಟೋ ಅಷ್ಟೇ ಪರಿಹಾರ. ಎರಡು ಸಲ ಪತ್ರ ಓಡಾಡಿದ ಮೇಲೆ ಒಪ್ಪಿದರು. ಗ್ರಾಚ್ಯುಟಿಯನ್ನು ಬಾಂಡಿಗೆ ಮುರಿದುಕೊಂಡಿದ್ದಂತೂ ಶುದ್ಧ ತಪ್ಪು. ಕೋರ್ಟಿನ ಡಿಕ್ರಿ ಇದ್ದರೂ ಅದನ್ನು ಜಪ್ತಿ ಮಾಡುವಂತಿಲ್ಲ, ಪಿಎಫ್ ಹಣವೂ ಹಾಗೆಯೇ. ಕೂಡಿ ಕಳೆದು ನೋಡಿದರೆ 1,85,000 ಕಟ್ಟಬೇಕಾಗಿದ್ದ ಹುಡುಗನಿಗೆ 15,000 ಕೈಗೆ ಬಂತು. ಎರಡು ಲಕ್ಷದ ವ್ಯತ್ಯಾಸ, ಕರಗಿತೋ ಇಲ್ಲವೋ ಎಂಬ ಒಂದೇ ಮಾತಿನಿಂದ.

ಈಗ ಸಂಬಳದ ಮಾತಿಗೆ ಬರುತ್ತೇನೆ, ದಯವಿಟ್ಟು ಗಮನ ಕೊಡಿ. ಕಂಪನಿ ಕಟ್ಟಿದ ಫೀಸು ಧರ್ಮದ ದುಡ್ಡಲ್ಲ, ನಿಮಗೆ ಮುಂಗಡವಾಗಿ ಕೊಟ್ಟ ಸಂಬಳ ಅದು. ಕರಗುವ ಬಾಂಡಿನಲ್ಲಿ ಈ ಹುಡುಗನ ನಿಜವಾದ ದುಡಿಮೆ ತಿಂಗಳಿಗೆ 42,000 ಅಲ್ಲ, 52,000. ಬೇರೆ ಕಂಪನಿ 52,000 ಕೊಡುತ್ತೇನೆ ಅಂದರೆ 10,000 ಜಾಸ್ತಿ ಆಯಿತು ಎಂದು ಹಿಗ್ಗಬೇಡಿ. ಬಾಕಿ 1,60,000 ಆ ಹೆಚ್ಚಿನ ಹಣದಿಂದ ತೀರಲು 16 ತಿಂಗಳು ಬೇಕು. ಅಷ್ಟೇ 16 ತಿಂಗಳು ಹಳೆಯ ಕಡೆಯೇ ಇದ್ದಿದ್ದರೆ ಬಾಕಿ ತಾನಾಗಿ ತೀರುತ್ತಿತ್ತು. ಕರಗದ ಬಾಂಡಿನಲ್ಲಿ ಇನ್ನೂ ಕಷ್ಟ. ನೀವು ಹೋಗಲಾರಿರಿ ಎಂದು ಗೊತ್ತಿದ್ದ ಮೇಲೆ ಇಂಕ್ರಿಮೆಂಟ್ ಕೊಡಲು ಅವರಿಗೇನು ಅವಸರ?

ಚಹಾ ಅಂಗಡಿಯಲ್ಲಿ ಒಬ್ಬೊಬ್ಬರು, "ಬಾಂಡಿಗೆ ಬೆಲೆ ಇಲ್ಲ ಬಿಡೋ" ಅಂತಾರೆ. ಕೇಳಬೇಡಿ. ಮೂರು ವರ್ಷ ಇರಬೇಕು, ಇಲ್ಲವಾದರೆ ಎರಡು ಲಕ್ಷ ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಉದ್ಯೋಗಿಯ ಪರ ಇದ್ದ ನಮ್ಮ ಹೈಕೋರ್ಟಿನ ತೀರ್ಪು ರದ್ದಾಯಿತು. ಹಾಗಂತ ನಿಮ್ಮನ್ನು ಹಿಡಿದು ಕೂರಿಸಿ ಕೆಲಸ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಕೇಳಬಹುದಾದದ್ದು ದುಡ್ಡು ಮಾತ್ರ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊಸ ಕಂಪನಿ ನಿಮ್ಮ ಬಾಂಡಿನ ಹಣ ಕಟ್ಟಿದರೆ ಅದು ನಿಮ್ಮ ಆದಾಯವೇ, ಅದಕ್ಕೆ ತೆರಿಗೆ ಬೀಳುತ್ತದೆ. ಅವರ ನೇಮಕಾತಿ ಪತ್ರದಲ್ಲಿ, ಒಂದು ವರ್ಷದೊಳಗೆ ಬಿಟ್ಟರೆ ಅದನ್ನೂ ವಾಪಸ್ ಕೊಡಬೇಕು ಎಂದಿದೆಯೋ ನೋಡಿ. ಬಾಂಡಿನ ವಸೂಲಿಗೆ ಜಿಎಸ್‌ಟಿ ಸೇರಿಸಿದ್ದರೆ ಕೊಡಬೇಡಿ, ಅದು ತಗಲುವುದಿಲ್ಲ ಎಂದು 2022ರ ಆಗಸ್ಟಿನಲ್ಲೇ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿದೆ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟು ಕೆಲಸ ಬಿಟ್ಟವರ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು, ಕಡಿತ ಎಲ್ಲ ಸೇರಿ ಆ ಸಂಬಳದ ಅರ್ಧ ದಾಟಬಾರದು. ಈ ಹುಡುಗನ ಕೊನೆಯ ತಿಂಗಳ ಸಂಬಳ ಪೂರ್ತಿ ನುಂಗಿದ ಹಾಗೆ ಈಗ ನುಂಗುವಂತಿಲ್ಲ.

ನಾಳೆ ನಿಮ್ಮ ಮುಂದೆ ಅಂಥ ಛಾಪಾ ಕಾಗದ ಬಂದರೆ ಪೆನ್ನು ಕೆಳಗಿಟ್ಟು ಈ ವಾಕ್ಯ ಸೇರಿಸಲು ಕೇಳಿ. ಬೇಕಾದರೆ ಬರೆದುಕೊಳ್ಳಿ, ನಿಧಾನವಾಗಿ ಓದುತ್ತೇನೆ. 'ಮರುಪಾವತಿ ಮೊತ್ತವು ಕೋರ್ಸು ಮುಗಿದ ದಿನದಿಂದ ಪೂರೈಸಿದ ಪ್ರತಿ ತಿಂಗಳಿಗೆ 36ರಲ್ಲಿ ಒಂದು ಭಾಗದಂತೆ ಕಡಿಮೆಯಾಗತಕ್ಕದ್ದು.' ಇನ್ನೊಮ್ಮೆ ಹೇಳುತ್ತೇನೆ. ಪೂರೈಸಿದ ಪ್ರತಿ ತಿಂಗಳಿಗೆ, 36ರಲ್ಲಿ ಒಂದು ಭಾಗದಂತೆ, ಕಡಿಮೆಯಾಗತಕ್ಕದ್ದು. ನಿಮ್ಮ ಬಾಂಡು ಎರಡು ವರ್ಷದ್ದಾದರೆ 36ರ ಜಾಗದಲ್ಲಿ 24 ಬರೆಯಿರಿ. ಸಹಿಯಾದ ಪ್ರತಿಯೊಂದು ನಿಮ್ಮ ಮನೆಯಲ್ಲಿರಲಿ. ನಮಸ್ಕಾರ.