ಅಪ್ಪನಿಗೆ ಬರೆದ ಪತ್ರ: "ಎಫ್‌ಡಿ ಥರಾನೇ" ಅಂದ್ರೆ ಎಫ್‌ಡಿ ಅಲ್ಲ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮಪ್ಪನಿಗೆ ಒಂದು ಪತ್ರ ಬರೆದೆ. ಫೋನಲ್ಲಿ ಹೇಳೋಕೆ ಹೋದಾಗೆಲ್ಲ ಮಾತು ಅರ್ಧಕ್ಕೇ ನಿಂತುಹೋಗ್ತಿತ್ತು, ಅದಕ್ಕೇ ಕೂತು ಬರೆದೆ. ರಿಟೈರ್ ಆದೋರಿರೋ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇರುತ್ತೆ ಅನ್ನಿಸ್ತು. ಅಪ್ಪನ್ನ ಕೇಳಿ, ಅವರು ಹೂಂ ಅಂದ ಮೇಲೆ ಇವತ್ತು ಅದನ್ನೇ ಓದ್ತಿದೀನಿ.

ಅಪ್ಪಾ,

ಮುಂದಿನ ವಾರ ನಿಮ್ಮ ಹತ್ತು ಲಕ್ಷದ ಎಫ್‌ಡಿ ಮೆಚ್ಯೂರ್ ಆಗುತ್ತೆ, ಬ್ಯಾಂಕಲ್ಲಿ ಒಬ್ಬ ಹುಡುಗ "ಸರ್, ಇದೂ ಎಫ್‌ಡಿ ಥರಾನೇ, ಬಡ್ಡಿ ಸ್ವಲ್ಪ ಜಾಸ್ತಿ" ಅಂತ ಡೆಟ್ ಮ್ಯೂಚುವಲ್ ಫಂಡ್ ಫಾರಂ ಕೊಟ್ಟ ಅಂದ್ರಿ. ಆ "ಥರಾನೇ" ಅನ್ನೋ ಮಾತು ಕೇಳಿದಾಗಿಂದ ನಂಗೆ ಸಮಾಧಾನ ಇಲ್ಲ. ಡೆಟ್ ಫಂಡ್ ಕೆಟ್ಟದ್ದು ಅಂತ ಖಂಡಿತ ಅಲ್ಲ, ಆದ್ರೆ ಅದನ್ನ ಎಫ್‌ಡಿ ಅಂದ್ಕೊಂಡು ಹಾಕಿದ್ರೆ ಒಂದಿನ ನೀವು ಗಾಬರಿ ಬೀಳ್ತೀರ.

ಎಫ್‌ಡಿ ಅಂದ್ರೆ ನೀವು ಬ್ಯಾಂಕಿಗೆ ಕೊಡೋ ಸಾಲ. ಇಂಥ ದಿನ ಇಷ್ಟು ವಾಪಸ್ ಕೊಡ್ತೀನಿ ಅಂತ ಬ್ಯಾಂಕು ರಸೀದಿ ಮೇಲೆ ಬರೆದುಕೊಡುತ್ತೆ. ನಿಮ್ಮ ದುಡ್ಡನ್ನ ಅದು ಯಾರಿಗೆ ಕೊಡ್ತು, ಅವರು ತೀರಿಸಿದ್ರಾ ಇಲ್ವಾ ಅನ್ನೋದು ಬ್ಯಾಂಕಿನ ತಲೆನೋವು, ನಿಮ್ಮದಲ್ಲ. ಬ್ಯಾಂಕೇ ಮುಳುಗಿದ್ರೆ ಡಿಐಸಿಜಿಸಿ ಅನ್ನೋ ರಿಸರ್ವ್ ಬ್ಯಾಂಕಿನ ಸಂಸ್ಥೆಯ ಇನ್ಶೂರೆನ್ಸ್ ಇದೆ, ಒಂದು ಬ್ಯಾಂಕಲ್ಲಿ ಒಬ್ಬರಿಗೆ ಐದು ಲಕ್ಷದ ತನಕ. 2020ರ ಫೆಬ್ರವರಿ ತನಕ ಅದು ಬರೀ ಒಂದು ಲಕ್ಷ ಇತ್ತು. ಆ ಐದು ಲಕ್ಷದಲ್ಲಿ ಅಸಲು ಬಡ್ಡಿ ಎರಡೂ ಸೇರಿರುತ್ತೆ, ಇದನ್ನ ನೆನಪಿಟ್ಕೊಳ್ಳಿ, ಕೊನೇಲಿ ಮತ್ತೆ ಬರುತ್ತೆ.

ಡೆಟ್ ಫಂಡಲ್ಲಿ ನಿಮಗೆ ಇಂತಿಷ್ಟು ಕೊಡ್ತೀನಿ ಅಂತ ಯಾರೂ ಮಾತು ಕೊಟ್ಟಿರಲ್ಲ. ನಿಮ್ಮಂಥ ಸಾವಿರಾರು ಜನದ ದುಡ್ಡು ಸೇರಿಸಿ ಫಂಡ್ ಮ್ಯಾನೇಜರ್ ಸರ್ಕಾರದ ಬಾಂಡು, ಕಂಪನಿಗಳ ಬಾಂಡು, ಅಂದ್ರೆ ಅವರ ಸಾಲಪತ್ರ ತಗೋತಾರೆ. ಅಲ್ಲಿ ಸಾಲ ಕೊಟ್ಟೋರು ನೀವೇ, ಮಧ್ಯದಲ್ಲಿ ಏಟು ತಿನ್ನೋಕೆ ಬ್ಯಾಂಕು ಅಂತ ಒಂದಿಲ್ಲ. ನಿಮ್ಮ ಕೈಲಿರೋದು ಯೂನಿಟ್ಟು, ಅದರ ಬೆಲೆ ಅಂದ್ರೆ ಎನ್‌ಎವಿ, ಅದು ದಿನಾ ಬದಲಾಗುತ್ತೆ. ಹಾಗಾಗಿ "ಬಡ್ಡಿ" ಅನ್ನೋ ಪದಾನೇ ಅಲ್ಲಿ ಸರಿಹೋಗಲ್ಲ, ಆ ಹುಡುಗ ತೋರಿಸಿದ ಪರ್ಸೆಂಟು ಹೋದ ವರ್ಷ ಆಗಿದ್ದು, ಬರೋ ವರ್ಷದ್ದಲ್ಲ.

ಈ ಬೆಲೆ ಯಾಕೆ ಬೀಳುತ್ತೆ ಅಂತ ನೀವು ಕೇಳಿದ್ರಿ, ಸಾಲ ತಾನೇ, ಷೇರಲ್ವಲ್ಲ ಅಂತ. ಒಂದು ಬಾಂಡ್ ತಗೊಂಡು ನೋಡೋಣ. ನೂರು ರೂಪಾಯಿ ಬಾಂಡು, ವರ್ಷಕ್ಕೆ ಏಳು ರೂಪಾಯಿ ಕೊಡುತ್ತೆ, ಐದು ವರ್ಷ ಬಾಕಿ ಇದೆ. ನಾಳೆ ಮಾರ್ಕೆಟ್ಟಲ್ಲಿ ಬಡ್ಡಿ ಎಂಟಕ್ಕೆ ಏರ್ತು ಅಂದ್ಕೊಳ್ಳಿ. ಹೊಸ ಬಾಂಡ್ ತಗೊಂಡ್ರೆ ಎಂಟು ಸಿಗೋವಾಗ ಈ ಏಳರ ಬಾಂಡನ್ನ ಪೂರ್ತಿ ನೂರು ಕೊಟ್ಟು ಯಾರು ತಗೋತಾರೆ? ಐದು ವರ್ಷ ತಲಾ ಒಂದೊಂದು ರೂಪಾಯಿ ಕಮ್ಮಿ ಸಿಗುತ್ತಲ್ಲ, ಅದನ್ನ ಇವತ್ತಿನ ಲೆಕ್ಕಕ್ಕೆ ಇಳಿಸಿದ್ರೆ ಬಾಂಡಿನ ಬೆಲೆ 96 ರೂಪಾಯಿ ಆಗುತ್ತೆ. ಫಂಡ್ ತುಂಬ ಇಂಥವೇ ಇದ್ರೆ ನಿಮ್ಮ ಹತ್ತು ಲಕ್ಷ ಸ್ಟೇಟ್‌ಮೆಂಟಲ್ಲಿ ಒಂಬತ್ತು ಲಕ್ಷ ಅರವತ್ತು ಸಾವಿರ ಅಂತ ಕಾಣುತ್ತೆ, ಯಾರೂ ಮೋಸ ಮಾಡಿಲ್ಲ, ಯಾವ ಕಂಪನಿನೂ ಮುಳುಗಿಲ್ಲ, ಆದ್ರೂ ನಲವತ್ತು ಸಾವಿರ ಕಮ್ಮಿ. ಅದೇ ಬಾಂಡಿಗೆ ಒಂದೇ ವರ್ಷ ಬಾಕಿ ಇದ್ದಿದ್ರೆ ಬೆಲೆ 99ರ ಮೇಲೇ ನಿಲ್ತಿತ್ತು. ಬಾಕಿ ವರ್ಷ ಜಾಸ್ತಿ ಇದ್ದಷ್ಟೂ ಏಟು ಜಾಸ್ತಿ, ಇದನ್ನ ಅಳೆಯೋ ಅಂಕಿಗೇ ಡ್ಯೂರೇಶನ್ ಅಂತಾರೆ.

ಇದು ಬರೀ ಪೇಪರ್ ಲೆಕ್ಕ ಅಲ್ಲ ಅಪ್ಪ. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೋ ರೇಟ್, ಅಂದ್ರೆ ಬ್ಯಾಂಕುಗಳಿಗೆ ತಾನು ಸಾಲ ಕೊಡೋ ಬಡ್ಡಿ ದರ ಏರಿಸೋಕೆ ಶುರು ಮಾಡಿ, 2023ರ ಫೆಬ್ರವರಿ ಹೊತ್ತಿಗೆ 4 ಪರ್ಸೆಂಟಿಂದ 6.5ಕ್ಕೆ ತಂತು. ಆಗ ನಿಮ್ಮ ಹಳೇ ಎಫ್‌ಡಿ ರಸೀದಿಲಿ ಒಂದು ಅಕ್ಷರಾನೂ ಬದಲಾಗಲಿಲ್ಲ, ಯಾಕಂದ್ರೆ ಆ ರಸೀದಿಗೆ ದಿನಾ ಬೆಲೆ ಕಟ್ಟೋರು ಯಾರೂ ಇಲ್ಲ. ಫಂಡಿಗೆ ದಿನಾ ಬೆಲೆ ಕಟ್ತಾರೆ. ಬಡ್ಡಿ ಇಳಿಯೋ ಕಾಲದಲ್ಲಿ ಇದೇ ಉಲ್ಟಾ ಆಗುತ್ತೆ, ಬಾಂಡ್ ಬೆಲೆ ಏರುತ್ತೆ, ಫಂಡಲ್ಲಿರೋರಿಗೆ ಎಫ್‌ಡಿಗಿಂತ ಜಾಸ್ತಿ ಸಿಗಬಹುದು. ಬಿದ್ದ ಮೇಲೂ ಡ್ಯೂರೇಶನ್ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟು ವರ್ಷ ತಡ್ಕೊಂಡ್ರೆ, ಹೊಸ ಜಾಸ್ತಿ ಬಡ್ಡಿಯಿಂದ ಆ ನಷ್ಟ ತುಂಬಿಕೊಳ್ಳುತ್ತೆ. ಆದ್ರೆ ತಡ್ಕೊಳ್ಳೋಕೆ ಆಗದೇ ಇರೋ ದುಡ್ಡಾದ್ರೆ? ಅಮ್ಮನ ಕಣ್ಣಿನ ಆಪರೇಷನ್ ಆ ವಾರಾನೇ ಬಂದ್ರೆ?

ಎಫ್‌ಡಿನ ಮಧ್ಯದಲ್ಲಿ ಮುರಿದ್ರೆ ಸಾಮಾನ್ಯವಾಗಿ ಬಡ್ಡಿ ದರದಲ್ಲಿ ಅರ್ಧ ಪರ್ಸೆಂಟೋ ಒಂದು ಪರ್ಸೆಂಟೋ ಹೋಗುತ್ತೆ, ಅಷ್ಟೇ.

ಇನ್ನೊಂದು ಅಪಾಯ ಇದೆ, ಇದು ಬೇರೆ ಥರ, ಸಾಲ ತಗೊಂಡ ಕಂಪನಿ ತೀರಿಸದೇ ಇರೋದು. ಕೋವಿಡ್ ಲಾಕ್‌ಡೌನ್ ಮಧ್ಯೆ, 2020ರ ಏಪ್ರಿಲ್ 23ಕ್ಕೆ ಫ್ರಾಂಕ್ಲಿನ್ ಟೆಂಪಲ್ಟನ್ ಅನ್ನೋ ಮ್ಯೂಚುವಲ್ ಫಂಡ್ ಕಂಪನಿಯವರು ಆರು ಡೆಟ್ ಸ್ಕೀಮ್ ಮುಚ್ಚಿದ್ರು. ಅದರಲ್ಲಿ ಕಮ್ಮಿ ರೇಟಿಂಗಿನ, ಅಂದ್ರೆ ಸಾಲ ತೀರಿಸ್ತಾರೆ ಅನ್ನೋ ನಂಬಿಕೆ ಕಮ್ಮಿ ಇರೋ ಬಾಂಡುಗಳು ತುಂಬ ಇದ್ವು, ಜನ ದುಡ್ಡು ವಾಪಸ್ ಕೇಳಿದಾಗ ಅವನ್ನ ಕೊಳ್ಳೋರೇ ಇರಲಿಲ್ಲ. ಆಮೇಲೆ ದುಡ್ಡು ಕಂತು ಕಂತಾಗಿ ವಾಪಸ್ ಬಂತು ನಿಜ, ಆದ್ರೆ ಅವತ್ತು ಬೇಕಾಗಿದ್ದೋರಿಗೆ ಅವತ್ತು ಸಿಗಲಿಲ್ಲ.

ಟ್ಯಾಕ್ಸ್ ಉಳಿಯುತ್ತೆ ಅಂತ ಬೇರೆ ಆ ಬ್ಯಾಂಕಿನ ಹುಡುಗ ಹೇಳಿದ್ನಂತೆ. ಅದು ಹಳೇ ಕಥೆ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡಿನ ಲಾಭಕ್ಕೂ ಎಫ್‌ಡಿ ಬಡ್ಡಿ ಥರಾನೇ ನಿಮ್ಮ ಸ್ಲ್ಯಾಬ್ ರೇಟಲ್ಲೇ ಟ್ಯಾಕ್ಸು. ಉಳಿದಿರೋ ಒಂದು ವ್ಯತ್ಯಾಸ ಅಂದ್ರೆ ಯಾವಾಗ ಕಟ್ತೀರ ಅನ್ನೋದು. ಎಫ್‌ಡಿಲಿ ಹತ್ತು ಲಕ್ಷಕ್ಕೆ ಎಪ್ಪತ್ತು ಸಾವಿರ ಬಡ್ಡಿ ಬಂದ್ರೆ ಅಷ್ಟೂ ಆ ವರ್ಷದ ಆದಾಯಕ್ಕೆ ಸೇರುತ್ತೆ. ಫಂಡಲ್ಲಿ ಹತ್ತು ಲಕ್ಷ ಹತ್ತು ಲಕ್ಷ ಎಪ್ಪತ್ತು ಸಾವಿರ ಆಗಿ, ಅದರಲ್ಲಿ ನೀವು ಒಂದು ಲಕ್ಷ ತೆಗೆದ್ರೆ, ಆ ಒಂದು ಲಕ್ಷದಲ್ಲಿ ಲಾಭದ ಪಾಲು ಸುಮಾರು ಆರೂವರೆ ಸಾವಿರ ಮಾತ್ರ, ಲೆಕ್ಕಕ್ಕೆ ಬರೋದು ಅಷ್ಟೇ. ತೆಗೆಯದೇ ಇದ್ರೆ ಆ ವರ್ಷ ಏನೂ ಇಲ್ಲ. ಇದು ನಿಜವಾದ ಅನುಕೂಲ, ನಾನು ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಆದಾಯಕ್ಕೆ ಟ್ಯಾಕ್ಸೇ ಬೀಳದಿದ್ರೆ ಇದರಿಂದ ನಿಮಗೇನು ಬಂತು?

ನೀವು ಕಳಿಸಿದ ಫಾರಂ ಫೋಟೋನ ದೊಡ್ಡದು ಮಾಡಿ ನೋಡಿದೆ. ಮೂರು ಸಾಲು ಮೂರು ಕಾಲಂ ಇರೋ ಒಂದು ಚಿಕ್ಕ ಚೌಕ ಇದೆ ನೋಡಿ, ಒಂದು ಮನೇಲಿ B-III ಅಂತ ಬರೆದಿದೆ. A, B, C ಅನ್ನೋದು ಸಾಲಗಾರರು ಎಷ್ಟು ಗಟ್ಟಿ ಅಂತ, A ಇದ್ರೆ ಒಳ್ಳೇದು. I, II, III ಅನ್ನೋದು ಬಡ್ಡಿ ಏರಿದಾಗ ಎಷ್ಟು ಅಲ್ಲಾಡುತ್ತೆ ಅಂತ, I ಅಂದ್ರೆ ಫಂಡಿನ ಡ್ಯೂರೇಶನ್ ಒಂದು ವರ್ಷ ದಾಟೋ ಹಾಗಿಲ್ಲ, III ಅಂದ್ರೆ ಮಿತಿನೇ ಇಲ್ಲ. ನಿಮಗೆ "ಎಫ್‌ಡಿ ಥರಾನೇ" ಅಂತ ಕೊಟ್ಟಿರೋದು ಮಿತಿ ಇಲ್ಲದೇ ಇರೋ ಮನೆಯ ಫಂಡು.

ಅದಕ್ಕೇ ನನ್ನ ಮಾತು ಇಷ್ಟು. ಆ ಫಾರಂಗೆ ಸೈನ್ ಹಾಕಬೇಡಿ. ಎರಡು ಬ್ಯಾಂಕಲ್ಲಿ ನಾಲ್ಕೂವರೆ ನಾಲ್ಕೂವರೆ ಲಕ್ಷ ಎಫ್‌ಡಿ ಮಾಡಿ, ವರ್ಷದ ಬಡ್ಡಿ ಸೇರಿದ್ರೂ ಇನ್ಶೂರೆನ್ಸಿನ ಐದು ಲಕ್ಷದ ಒಳಗೇ ಇರುತ್ತೆ, ಆದ್ರೆ ಆ ಬ್ಯಾಂಕಲ್ಲಿ ನಿಮ್ಮ ಸೇವಿಂಗ್ಸ್ ದುಡ್ಡು ಎಷ್ಟಿದೆ ಅಂತನೂ ಕೂಡಿ ನೋಡಿ. ಉಳಿದ ಒಂದು ಲಕ್ಷ ಫಂಡಿಗೆ ಹಾಕ್ಲೇಬೇಕು ಅಂತ ಆಸೆ ಇದ್ರೆ A-I ಇರೋದನ್ನ ನಾವಿಬ್ರೂ ಕೂತು ಹುಡುಕೋಣ, ಒಂದು ವರ್ಷ ದಿನಾ ಎನ್‌ಎವಿ ನೋಡಿ, ಹೇಗನ್ನಿಸುತ್ತೆ ಅಂತ ನೀವೇ ಹೇಳಿ. ಹಾಂ, ಹಳೇ ರಸೀದಿ ಮೇಲೆ ಆಟೋ ರಿನ್ಯೂವಲ್ ಅಂತ ಇದ್ರೆ ಸೋಮವಾರಾನೇ ಹೋಗಿ ಅದನ್ನ ತೆಗೆಸಿ, ಇಲ್ಲಾಂದ್ರೆ ಹತ್ತು ಲಕ್ಷಾನೂ ಅದೇ ಬ್ಯಾಂಕಲ್ಲಿ ಮತ್ತೆ ಕೂತ್ಬಿಡುತ್ತೆ. ಹೊಸ ಎರಡಕ್ಕೂ ನಾಮಿನಿ ಜಾಗದಲ್ಲಿ ಅಮ್ಮನ ಹೆಸರು ಬರೆಸೋದು ಮರೀಬೇಡಿ.

ನಿಮ್ಮ ಮಗಳು.