ಕುಡಿತ ಬಿಡುವ ಮೊದಲ ವಾರ

ಕೇಳುಗರಿಗೆ ನಮಸ್ಕಾರ.

ಕುಡಿತ ಬಿಡಲು ಹೊರಟ ಅನೇಕರು ಒಂದು ದಿನ ಗೊತ್ತುಮಾಡಿ, ದೇವರ ಮುಂದೆ ಆಣೆ ಇಟ್ಟು, ಅಂದಿನಿಂದ ಒಂದು ಹನಿಯೂ ಮುಟ್ಟುವುದಿಲ್ಲ ಎನ್ನುತ್ತಾರೆ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಹಾಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಅದಕ್ಕೇ ಮೊದಲು ಒಂದು ಫೋನ್ ಮಾಡಿ ಎನ್ನುತ್ತೇನೆ. ಸಂಖ್ಯೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಒಬ್ಬ ಗಾರೆ ಕೆಲಸದವರು ಕರೆ ಮಾಡಿದರು ಎಂದುಕೊಳ್ಳಿ. ಆಪ್ತಸಮಾಲೋಚಕರು ಕೇಳುತ್ತಾರೆ: ದಿನಕ್ಕೆ ಎಷ್ಟು ಕುಡಿಯುತ್ತೀರಿ? ಕೊನೆಯದಾಗಿ ಯಾವಾಗ ಕುಡಿದಿರಿ? ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಇವರು, 'ಎದ್ದ ಕೂಡಲೇ ಒಂದು ಪ್ಯಾಕೆಟ್ ಹಾಕದಿದ್ದರೆ ಕರಣೆ ಹಿಡಿಯಲಾಗಲ್ಲ, ಹೋದ ವರ್ಷ ಬಿಟ್ಟಾಗ ಫಿಟ್ಸ್ ಬಂತು' ಎನ್ನುತ್ತಾರೆ. ಈ ಎರಡು ಮಾತು ಸಾಕು. ಮನೆಯಲ್ಲಿ ತಾವಾಗಿ ನಿಲ್ಲಿಸಬೇಡಿ, ಮನೆಯವರೊಬ್ಬರ ಜೊತೆ ಬೇಗನೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಬ ಸಲಹೆ ಸಿಗುತ್ತದೆ.

ನಿಲ್ಲಿಸಿದ ಮೊದಲ ದಿನವೇ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳುಗಳು ಕಾಣುತ್ತವೆ, ಮನೆಯವರ ಗುರುತೇ ಸಿಗುವುದಿಲ್ಲ. ದೆವ್ವ ಮೆಟ್ಟಿದೆ ಎಂದು ಮಂತ್ರವಾದಿಯ ಬಳಿ ಹೋಗಿ ಹೊತ್ತು ಕಳೆಯಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಡಯಾಜೆಪಾಮ್‌ನಂಥ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ದಿನದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಅದು ಕಡಿಮೆಯಾದರೆ ಮಿದುಳಿಗೆ ಪೆಟ್ಟು, ನೆನಪೂ ಹೋಗಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೋವೈದ್ಯರು ಇರುವುದಿಲ್ಲ. ಅಲ್ಲಿನ ವೈದ್ಯರು ಪರೀಕ್ಷಿಸಿ, ಹಗುರ ಲಕ್ಷಣವಿದ್ದರೆ ಅಲ್ಲೇ ನೋಡಿಕೊಳ್ಳುತ್ತಾರೆ, ಇಲ್ಲವಾದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕಳಿಸುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಶಿಬಿರ ನಡೆಯುತ್ತದೆ. ನಿಮ್ಮಲ್ಲಿಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಆದರೆ ಫಿಟ್ಸ್ ಬಂದವರು ಮಂಗಳವಾರಕ್ಕೆ ಕಾಯಬಾರದು.

ಆ ವಾರ ಮುಗಿದು ಮೈ ಸರಿಹೋದ ಮೇಲೂ ಚಪಲ ಬಿಡುವುದಿಲ್ಲ. ಅದನ್ನು ತಗ್ಗಿಸುವ ಮಾತ್ರೆಗಳೂ ಇವೆ, ಯಕೃತ್ತಿನ ಪರೀಕ್ಷೆ ನೋಡಿ ವೈದ್ಯರೇ ಆರಿಸಬೇಕು. ಕುಡಿತ ಬಿಡಿಸುವ ಮಾತ್ರೆ, ಪುಡಿಗಳನ್ನು ಗುಟ್ಟಾಗಿ ಸಾರಿಗೆ ಬೆರೆಸುವ ತಾಯಂದಿರೇ, ದಯವಿಟ್ಟು ನಿಲ್ಲಿಸಿ. ಅಂಥ ಕೆಲವು ಔಷಧಿ ಒಳಗಿರುವಾಗ ಗೊತ್ತಿಲ್ಲದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ಮತ್ತೆ ಕುಡಿದುಬಿಟ್ಟರೆ ನಾಚಿಕೆಯಿಂದ ಫೋನ್ ದೂರವಿಡಬೇಡಿ. ಯಾವ ಹೊತ್ತಿನಲ್ಲಿ, ಯಾರ ಜೊತೆ, ಕೂಲಿ ಸಿಕ್ಕ ಶನಿವಾರವೋ ಜಗಳವಾದ ರಾತ್ರಿಯೋ ಎಂದು ಆಪ್ತಸಮಾಲೋಚಕರು ನಿಮ್ಮೊಡನೆ ಕೂಡಿ ಹುಡುಕುತ್ತಾರೆ. ಕುಡಿಯುವವರು ಕರೆಗೆ ಒಪ್ಪದಿದ್ದರೆ ಹೆಂಡತಿ, ಮಕ್ಕಳು, ಅಕ್ಕ ತಂಗಿಯರು ಯಾರಾದರೂ ಮಾಡಬಹುದು. ಮನೆಯವರು ಹೇಗೆ ಮಾತಾಡಬೇಕು ಎಂಬುದನ್ನೂ ಅಲ್ಲಿ ಹೇಳಿಕೊಡುತ್ತಾರೆ.